ಲೆಡ್ಜರ್‌ನಲ್ಲಿ ಕೂತ ತೆರಿಗೆ ಹಣ: ರಟ್ಟಿನ ಪೆಟ್ಟಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ರಟ್ಟಿನ ಪೆಟ್ಟಿಗೆಯ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟೊಮೆಟೊ, ಸೇಬು, ಬಿಸ್ಕೆಟ್, ಔಷಧಿ, ಮಿಕ್ಸರ್, ಹೀಗೆ ಏನೇ ಸಾಗಿಸುವುದಿದ್ದರೂ ಈ ಪೆಟ್ಟಿಗೆ ಬೇಕು. ಹಾಗಾಗಿ ಸುದ್ದಿ ಕೇಳಿದವರಿಗೆ ಸಂತೋಷವಾದದ್ದು ಸಹಜ. ಆದರೆ ಅದೇ ದಿನ ಇನ್ನೊಂದು ಬದಲಾವಣೆಯೂ ಆಯಿತು. ಆ ಪೆಟ್ಟಿಗೆಗೆ ಬೇಕಾದ ಕಂದು ಬಣ್ಣದ ಕ್ರಾಫ್ಟ್ ಕಾಗದದ ಮೇಲಿನ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿತು. ಕೊಳ್ಳುವಾಗ ನೂರಕ್ಕೆ 18 ರೂಪಾಯಿ ತೆರಿಗೆ ಕೊಟ್ಟು, ಮಾರುವಾಗ ನೂರಕ್ಕೆ 5 ರೂಪಾಯಿ ಮಾತ್ರ ವಸೂಲಿ ಮಾಡುವ ಪರಿಸ್ಥಿತಿ ಬೆಂಗಳೂರಿನ ಪೀಣ್ಯದಿಂದ ಹಿಡಿದು ಊರೂರಿನ ಕೈಗಾರಿಕಾ ಪ್ರದೇಶಗಳ ಪೆಟ್ಟಿಗೆ ತಯಾರಕರಿಗೆ ಒಂದೇ ರಾತ್ರಿಯಲ್ಲಿ ಬಂತು.

ಕಚ್ಚಾವಸ್ತುವಿನ ತೆರಿಗೆ ಹೆಚ್ಚು, ಸಿದ್ಧವಸ್ತುವಿನ ತೆರಿಗೆ ಕಡಿಮೆ ಎನ್ನುವ ಈ ತಲೆಕೆಳಗಾದ ದರ ಜಿಎಸ್‌ಟಿ ಶುರುವಾದ 2017ರಿಂದಲೂ ಒಂದಲ್ಲ ಒಂದು ಉದ್ಯಮವನ್ನು ಕಾಡುತ್ತಲೇ ಇದೆ. ಬಟ್ಟೆ, ಚಪ್ಪಲಿ, ರಸಗೊಬ್ಬರ, ಟ್ರ್ಯಾಕ್ಟರ್ ಎಲ್ಲವೂ ಈ ಸಾಲಿನಲ್ಲಿ ಬಂದು ಹೋಗಿವೆ. ಇದಕ್ಕೆ ಕಾನೂನು ಕೊಟ್ಟಿರುವ ಪರಿಹಾರವೇ ರೀಫಂಡ್. ಪರಿಹಾರ ಇರುವುದು ನಿಜ. ಆದರೆ ಅದು ಪೂರ್ತಿಯಲ್ಲ, ತಾನಾಗಿ ಬರುವುದೂ ಇಲ್ಲ. ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ, ಯಾಕೆ ಬರುವುದಿಲ್ಲ ಎನ್ನುವುದನ್ನು ಒಂದು ಪೆಟ್ಟಿಗೆ ಕಾರ್ಖಾನೆಯ ಒಂದು ತಿಂಗಳ ಲೆಕ್ಕ ಹಿಡಿದು ನೋಡೋಣ.

ಹಣ ಎಲ್ಲಿ ಸೇರುತ್ತದೆ?

ಕಾರ್ಖಾನೆಗೆ ಕಾಗದದ ರೀಲು ಬರುತ್ತದೆ. ಯಂತ್ರ ಅದರ ಒಂದು ಹಾಳೆಯನ್ನು ಅಲೆಅಲೆಯಾಗಿ ಮಡಿಸಿ, ಪಿಷ್ಟದ ಅಂಟು ಹಚ್ಚಿ, ಎರಡೂ ಬದಿಗೆ ಸಪಾಟು ಹಾಳೆ ಕೂರಿಸುತ್ತದೆ. ಆಮೇಲೆ ಅದನ್ನು ಅಳತೆಗೆ ಕತ್ತರಿಸಿ, ಗಿರಾಕಿಯ ಹೆಸರು ಮುದ್ರಿಸಿ, ಅಂಚಿಗೆ ತಂತಿಯ ಪಿನ್ನು ಹೊಡೆದರೆ ಪೆಟ್ಟಿಗೆ ಸಿದ್ಧ. ಖರ್ಚಿನ ದೊಡ್ಡ ಪಾಲು ಕಾಗದದ್ದೇ.

ನಮ್ಮ ಉದಾಹರಣೆಯ ಕಾರ್ಖಾನೆ ತಿಂಗಳಿಗೆ 32 ಲಕ್ಷ ರೂಪಾಯಿಯ ಕಾಗದ ಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ 18ರಂತೆ 5,76,000 ರೂಪಾಯಿ ತೆರಿಗೆ. ಶಾಯಿ ಮತ್ತು ತಂತಿಗೆ 1 ಲಕ್ಷ, ಅದರ ತೆರಿಗೆ 18,000. ಪಿಷ್ಟಕ್ಕೆ 1,20,000, ಅದರ ಮೇಲೆ ಶೇ 5ರಂತೆ 6,000. ಒಟ್ಟಿನಲ್ಲಿ ಸರಕಿನ ಮೇಲೆ ಕೊಟ್ಟ ತೆರಿಗೆ 6 ಲಕ್ಷ. ಇದಲ್ಲದೆ ಶೆಡ್ಡಿನ ಬಾಡಿಗೆ, ಕೆಲಸಗಾರರನ್ನು ಒದಗಿಸುವ ಏಜೆನ್ಸಿ, ಯಂತ್ರದ ರಿಪೇರಿ, ಲೆಕ್ಕಪರಿಶೋಧಕರ ಶುಲ್ಕ ಮುಂತಾದ ಸೇವೆಗಳ ಮೇಲೆ 75,000 ರೂಪಾಯಿ ತೆರಿಗೆ ಹೋಗುತ್ತದೆ. ಈ 6,75,000 ರೂಪಾಯಿಯೂ ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ಕಾರ್ಖಾನೆಯ ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರ್‌ಗೆ ಜಮೆಯಾಗುತ್ತದೆ.

ಆ ತಿಂಗಳು ಕಾರ್ಖಾನೆ 54 ಲಕ್ಷ ರೂಪಾಯಿಯ ಪೆಟ್ಟಿಗೆ ಮಾರಿತು. ಶೇ 5ರಂತೆ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ 2,70,000. ಇದನ್ನು ಲೆಡ್ಜರ್‌ನಿಂದಲೇ ತೀರಿಸಬಹುದು. ತೀರಿಸಿದ ಮೇಲೆ ಉಳಿಯುವುದು 4,05,000. ಮುಂದಿನ ತಿಂಗಳೂ ಇಷ್ಟೇ ಸೇರುತ್ತದೆ, ಅದರ ಮುಂದಿನ ತಿಂಗಳೂ ಅಷ್ಟೇ. ದರ ಹೀಗೇ ಇರುವಷ್ಟು ಕಾಲ ಈ ಮೊತ್ತ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ.

ಮಾಲೀಕರು ಲೆಕ್ಕ ಬರೆಯುವವರನ್ನು ಕೇಳುವ ಮೊದಲ ಪ್ರಶ್ನೆ ಇಲ್ಲೇ ಹುಟ್ಟುತ್ತದೆ: “ಲೆಡ್ಜರ್‌ನಲ್ಲಿ ದುಡ್ಡಿದೆ ಅಂತೀರಲ್ಲ ಸರ್, ಸಂಬಳ ಕೊಡೋಕೆ ಯಾಕೆ ಬರಲ್ಲ?” ಆ ಲೆಡ್ಜರ್‌ನ ಹಣದಿಂದ ಮಾರಾಟದ ತೆರಿಗೆ ಕಟ್ಟಬಹುದು, ಅಷ್ಟೇ. ಅದರಿಂದ ಸಂಬಳ ಕೊಡಲಾಗದು, ಕರೆಂಟ್ ಬಿಲ್ಲು ಕಟ್ಟಲಾಗದು, ಕಾಗದದ ಮಿಲ್ಲಿಗೆ ಬಾಕಿ ತೀರಿಸಲಾಗದು. ಮಾಲೀಕರು ಕಾಗದ ಕೊಳ್ಳುವಾಗ ಕೊಟ್ಟದ್ದು ನಿಜವಾದ ಹಣ, ಬಹಳ ಸಲ ಬ್ಯಾಂಕಿನ ಸಾಲದ ಹಣ. ಅದು ಬ್ಯಾಂಕ್ ಖಾತೆಗೆ ಮರಳಬೇಕಾದರೆ ರೀಫಂಡ್ ಕೇಳಲೇಬೇಕು.

ಕಾನೂನು ಹೇಳುವುದೇನು?

ಕೇಂದ್ರ ಜಿಎಸ್‌ಟಿ ಕಾಯ್ದೆಯ 54ನೇ ಕಲಮಿನ 3ನೇ ಉಪಕಲಮು ಬಳಕೆಯಾಗದ ಕ್ರೆಡಿಟ್ಟನ್ನು ಎರಡೇ ಸಂದರ್ಭಗಳಲ್ಲಿ ಮರಳಿಸುತ್ತದೆ. ಒಂದು, ತೆರಿಗೆ ಕಟ್ಟದೆ ಮಾಡಿದ ರಫ್ತಿನಂಥ ಶೂನ್ಯ ದರದ ಪೂರೈಕೆ. ಎರಡು, ಕಚ್ಚಾವಸ್ತುವಿನ ದರ ಸಿದ್ಧವಸ್ತುವಿನ ದರಕ್ಕಿಂತ ಹೆಚ್ಚಿರುವ ಕಾರಣಕ್ಕೆ ಸೇರಿಹೋದ ಕ್ರೆಡಿಟ್. ನಮ್ಮ ಪೆಟ್ಟಿಗೆಯವರು ಬರುವುದು ಎರಡನೆಯದರಲ್ಲಿ.

ಇದಕ್ಕೆ ಮಿತಿಗಳಿವೆ. ಮಾರುವ ವಸ್ತುವಿಗೆ ದೇಶದೊಳಗೆ ತೆರಿಗೆಯೇ ಇಲ್ಲದಿದ್ದರೆ ಈ ರೀಫಂಡ್ ಸಿಗದು. ಶಾಲೆಯ ನೋಟ್‌ಬುಕ್ಕನ್ನು ಇದೇ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆಯಿಂದ ಹೊರಗಿಟ್ಟರು. ನೋಟ್‌ಬುಕ್ಕಿಗೆ ಬಳಸುವ ಕಾಗದಕ್ಕೂ ಆಗಲೇ ತೆರಿಗೆ ತೆಗೆಯದೆ ಬಿಟ್ಟಿದ್ದರೆ ತಯಾರಕರ ತೆರಿಗೆಯೆಲ್ಲ ವಾಪಸು ಬರುವ ದಾರಿಯೇ ಇಲ್ಲದೆ ಮುಳುಗುತ್ತಿತ್ತು. ಅದಕ್ಕೇ ಆ ಕಾಗದಕ್ಕೂ ವಿನಾಯಿತಿ ಬಂತು. ಇದಲ್ಲದೆ ಕೆಲವು ವಸ್ತುಗಳಿಗೆ ಸರ್ಕಾರ ಅಧಿಸೂಚನೆ ಹೊರಡಿಸಿ ರೀಫಂಡ್ ತಡೆಯಬಹುದು. ಅಡುಗೆ ಎಣ್ಣೆ ಮತ್ತು ಕಲ್ಲಿದ್ದಲಿಗೆ 2022ರ ಜುಲೈ 18ರಿಂದ ಹಾಗೆ ತಡೆದಿದ್ದಾರೆ.

ಕೊಂಡದ್ದೂ ಮಾರಿದ್ದೂ ಒಂದೇ ವಸ್ತುವಾಗಿದ್ದು, ನಡುವೆ ದರ ಇಳಿದ ಪ್ರಕರಣವನ್ನು ಇದಕ್ಕೆ ಸೇರಿಸಬಾರದು. ಪೆಟ್ಟಿಗೆ ವ್ಯಾಪಾರಿಯೊಬ್ಬರು ಸೆಪ್ಟೆಂಬರ್ 21ಕ್ಕೆ ಮೊದಲು ಶೇ 12 ಕೊಟ್ಟು ಪೆಟ್ಟಿಗೆ ತಂದಿಟ್ಟು, ಆಮೇಲೆ ಶೇ 5ಕ್ಕೆ ಮಾರಿದರೆ ಉಳಿದ ಕ್ರೆಡಿಟ್ಟಿಗೆ ರೀಫಂಡ್ ಇಲ್ಲವೆಂದು ಇಲಾಖೆಯ ಸುತ್ತೋಲೆಯೇ ಹೇಳುತ್ತದೆ. ಅವರು ಅದನ್ನು ಮುಂದಿನ ಮಾರಾಟದ ತೆರಿಗೆಗೆ ಬಳಸಿಕೊಳ್ಳಬೇಕು. ಕಾಗದ ತಂದು ಪೆಟ್ಟಿಗೆ ಮಾಡುವವರ ದಾರಿ ಬೇರೆ.

ಸೂತ್ರವನ್ನು ಬಿಡಿಸಿದರೆ

ಎಷ್ಟು ವಾಪಸು ಬರುತ್ತದೆ ಎಂದು ಹೇಳುವುದು ಜಿಎಸ್‌ಟಿ ನಿಯಮ 89(5). ಅದರ ಸೂತ್ರವನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

```
ಗರಿಷ್ಠ ರೀಫಂಡ್ =
  (ಕಡಿಮೆ ದರದ ಮಾರಾಟ × ಸರಕಿನ ಕ್ರೆಡಿಟ್ ÷ ಒಟ್ಟು ಮಾರಾಟ)
  − (ಆ ಮಾರಾಟದ ತೆರಿಗೆ × ಸರಕಿನ ಕ್ರೆಡಿಟ್ ÷ ಸರಕು ಮತ್ತು ಸೇವೆಯ ಕ್ರೆಡಿಟ್)
```

ಇದರಲ್ಲಿ ಮೊದಲ ಸಾಲು ಸುಲಭ. ನಮ್ಮ ಕಾರ್ಖಾನೆ ಪೆಟ್ಟಿಗೆ ಬಿಟ್ಟು ಬೇರೇನನ್ನೂ ಮಾರುವುದಿಲ್ಲ, ಆದ್ದರಿಂದ ಎರಡೂ ಮಾರಾಟದ ಮೊತ್ತ 54 ಲಕ್ಷವೇ. ಸರಕಿನ ಕ್ರೆಡಿಟ್ ಪೂರ್ತಿ 6 ಲಕ್ಷ ಲೆಕ್ಕಕ್ಕೆ ಬರುತ್ತದೆ. ಬೇರೆ ದರದ ಸರಕನ್ನೂ ಮಾರುತ್ತಿದ್ದರೆ ಪೆಟ್ಟಿಗೆಯ ಪಾಲಿನಷ್ಟು ಮಾತ್ರ ಬರುತ್ತಿತ್ತು. ಪಿಷ್ಟದ ಮೇಲಿನ ದರ ಪೆಟ್ಟಿಗೆಯಷ್ಟೇ ಶೇ 5 ಇದ್ದರೂ ಅದನ್ನು ಕೈಬಿಡಬೇಕಿಲ್ಲ. ಬಳಸಿದ ಎಲ್ಲ ಸರಕಿನ ಕ್ರೆಡಿಟ್ಟನ್ನೂ ಸೇರಿಸಿಯೇ ಲೆಕ್ಕ ಹಾಕಬೇಕೆಂದು ಇಲಾಖೆ ಸ್ಪಷ್ಟಪಡಿಸಿದೆ.

ಎರಡನೇ ಸಾಲಿನಲ್ಲಿ ಸರಕಿನ ಕ್ರೆಡಿಟ್ 6,00,000, ಸರಕು ಮತ್ತು ಸೇವೆ ಸೇರಿ 6,75,000. ಅಂದರೆ ಒಂಬತ್ತರಲ್ಲಿ ಎಂಟು ಪಾಲು. ಮಾರಾಟದ ತೆರಿಗೆ 2,70,000ದಲ್ಲಿ ಎಂಟು ಪಾಲೆಂದರೆ 2,40,000. ಆರು ಲಕ್ಷದಿಂದ ಅದನ್ನು ಕಳೆದರೆ ಉಳಿಯುವ ರೀಫಂಡ್ 3,60,000.

ಲೆಡ್ಜರ್‌ನಲ್ಲಿ ಉಳಿದದ್ದು 4,05,000, ಕೈಗೆ ಬರುವುದು 3,60,000. ನಡುವಿನ 45,000 ರೂಪಾಯಿ ಸೇವೆಯ ಮೇಲೆ ಕೊಟ್ಟ ತೆರಿಗೆಯ ಭಾಗ. ಸೇವೆಯ 75,000ದಲ್ಲಿ 30,000 ಮಾರಾಟದ ತೆರಿಗೆಗೆ ಬಳಕೆಯಾಯಿತೆಂದು ಸೂತ್ರ ಒಪ್ಪುತ್ತದೆ. ಉಳಿದ 45,000 ಲೆಡ್ಜರ್‌ನಲ್ಲೇ ಕೂರುತ್ತದೆ. ಯಂತ್ರ ಕೊಂಡಾಗ ಕೊಟ್ಟ ತೆರಿಗೆಯ ಗತಿಯೂ ಇದೇ. ಅದು ಸೂತ್ರದೊಳಗೆ ಬರುವುದೇ ಇಲ್ಲ.

ವರ್ಷವಿಡೀ ಇದೇ ಲೆಕ್ಕ ನಡೆದರೆ ಹೀಗೆ ಸಿಕ್ಕಿಬೀಳುವ ಮೊತ್ತ 5,40,000. ಮಾರಾಟಕ್ಕೆ ಹೋಲಿಸಿದರೆ ಇದು ನೂರು ರೂಪಾಯಿಗೆ 83 ಪೈಸೆ. ಸಣ್ಣದೆನಿಸಬಹುದು. ಆದರೆ ಇದು ಲಾಭದಿಂದಲೇ ಹೋಗುವ ಹಣ. ನೂರಕ್ಕೆ ನಾಲ್ಕೈದು ರೂಪಾಯಿ ಲಾಭದಲ್ಲಿ ನಡೆಯುವ ಕಾರ್ಖಾನೆಗೆ ಅದು ಲಾಭದ ಆರನೇ ಒಂದು ಪಾಲೋ ಐದನೇ ಒಂದು ಪಾಲೋ ಆಗುತ್ತದೆ.

ಸುಪ್ರೀಂ ಕೋರ್ಟಿನವರೆಗೆ ಹೋದ ಜಗಳ

ಸೇವೆಯ ತೆರಿಗೆಯೂ ವಾಪಸು ಬರಬೇಕೆಂದು ಕೇಳಿದವರು ಚಪ್ಪಲಿ ತಯಾರಕರು. ವಿಕೆಸಿ ಫುಟ್‌ಸ್ಟೆಪ್ಸ್ ಕಂಪನಿಯ ಚಪ್ಪಲಿಗೆ ಆಗ ಶೇ 5 ತೆರಿಗೆ ಇತ್ತು, ಅದಕ್ಕೆ ಬೇಕಾದ ವಸ್ತು ಮತ್ತು ಸೇವೆಗಳಿಗೆ ಹೆಚ್ಚಿನ ತೆರಿಗೆ. 2020ರ ಜುಲೈನಲ್ಲಿ ಗುಜರಾತ್ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟು, ಸೇವೆಯನ್ನು ಹೊರಗಿಡುವ ನಿಯಮ ಸಲ್ಲದು ಎಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಬೇರೊಂದು ಪ್ರಕರಣದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಹೇಳಿತು.

2021ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್ ವಿವಾದ ಮುಗಿಸಿತು. ರೀಫಂಡ್ ಎನ್ನುವುದು ಸಂವಿಧಾನ ಕೊಟ್ಟ ಹಕ್ಕಲ್ಲ, ಕಾಯ್ದೆ ಎಷ್ಟು ಕೊಟ್ಟಿದೆಯೋ ಅಷ್ಟೇ. ಸರಕು ಮತ್ತು ಸೇವೆಯನ್ನು ಬೇರೆಬೇರೆಯಾಗಿ ಕಾಣಲು ಶಾಸಕಾಂಗಕ್ಕೆ ಅಧಿಕಾರವಿದೆ ಎನ್ನುವುದು ಅದರ ನಿಲುವು. ಆದರೆ ಅಂದಿನ ಸೂತ್ರದಲ್ಲಿ ಅಸಮತೋಲನ ಇರುವುದನ್ನು ಕೋರ್ಟ್ ಗುರುತಿಸಿ, ಅದನ್ನು ಸರಿಪಡಿಸುವ ಬಗ್ಗೆ ಜಿಎಸ್‌ಟಿ ಮಂಡಳಿ ಯೋಚಿಸಬೇಕೆಂದು ಹೇಳಿತು.

ಆ ಅಸಮತೋಲನ ಏನು ಎಂದು ನಮ್ಮ ಕಾರ್ಖಾನೆಯ ಲೆಕ್ಕದಲ್ಲೇ ಕಾಣಬಹುದು. ಹಳೆಯ ಸೂತ್ರ ಮಾರಾಟದ ತೆರಿಗೆಯನ್ನು, ಅಂದರೆ ಪೂರ್ತಿ 2,70,000 ರೂಪಾಯಿಯನ್ನು, ಸರಕಿನ ಕ್ರೆಡಿಟ್‌ನಿಂದಲೇ ಕಳೆಯುತ್ತಿತ್ತು. ಸೇವೆಯ ಕ್ರೆಡಿಟ್ ಒಂದು ಪೈಸೆಯೂ ಬಳಕೆಯಾಗಿಲ್ಲ ಎಂಬ ಕಲ್ಪನೆ ಅದರದು. ಆಗ ರೀಫಂಡ್ 3,30,000 ಮಾತ್ರ ಬರುತ್ತಿತ್ತು. 2022ರ ಜುಲೈ 5ರಂದು ಸೂತ್ರ ತಿದ್ದಿದ ಮೇಲೆ ಎರಡೂ ಬಗೆಯ ಕ್ರೆಡಿಟ್ ಅವುಗಳ ಪಾಲಿನಂತೆ ಬಳಕೆಯಾಯಿತೆಂದು ಒಪ್ಪಿದರು. ತಿಂಗಳಿಗೆ 30,000 ರೂಪಾಯಿಯ ವ್ಯತ್ಯಾಸ ಬಂದದ್ದು ಆ ಒಂದು ತಿದ್ದುಪಡಿಯಿಂದ.

ಅರ್ಜಿಯ ದಾರಿ

ರೀಫಂಡ್ ಕೇಳುವ ಮೊದಲು ಆ ಅವಧಿಯ GSTR-1 ಮತ್ತು GSTR-3B ಸಲ್ಲಿಕೆಯಾಗಿರಬೇಕು. ಆಮೇಲೆ ಪೋರ್ಟಲ್‌ನಲ್ಲಿ RFD-01 ಅರ್ಜಿ ತುಂಬಬೇಕು. ಖರೀದಿಯ ಪ್ರತಿ ಬಿಲ್ಲಿನ ವಿವರ, ಅದು ಸರಕೋ ಸೇವೆಯೋ ಯಂತ್ರವೋ ಎಂಬ ವರ್ಗೀಕರಣ, ಎಚ್‌ಎಸ್‌ಎನ್ ಸಂಕೇತ ಎಲ್ಲವನ್ನೂ ಪಟ್ಟಿ ಮಾಡಿ ಲಗತ್ತಿಸಬೇಕು. ಸಿಗುವ ಮೊತ್ತ ಮೂರರಲ್ಲಿ ಕಡಿಮೆಯದು: ಸೂತ್ರ ಕೊಡುವ ಮೊತ್ತ, ಆ ಅವಧಿಯ ರಿಟರ್ನ್ ಸಲ್ಲಿಸಿದ ಮೇಲೆ ಲೆಡ್ಜರ್‌ನಲ್ಲಿದ್ದ ಬಾಕಿ, ಅರ್ಜಿ ಹಾಕುವ ದಿನದ ಬಾಕಿ. ಅರ್ಜಿ ಸಲ್ಲಿಸಿದ ಕೂಡಲೇ ಆ ಮೊತ್ತ ಲೆಡ್ಜರ್‌ನಿಂದ ಕಡಿತವಾಗುತ್ತದೆ.

ಅರ್ಜಿ ಸರಿಯಿದ್ದರೆ 15 ದಿನದೊಳಗೆ RFD-02 ಸ್ವೀಕೃತಿ ಬರಬೇಕು. ಕೊರತೆಯಿದ್ದರೆ ಬರುವುದು RFD-03 ಕೊರತೆ ಪತ್ರ. ಆಗ ಕಡಿತವಾದ ಮೊತ್ತ ಲೆಡ್ಜರ್‌ಗೆ ಮರಳುತ್ತದೆ, ಆದರೆ ಹೊಸ ಅರ್ಜಿಯನ್ನೇ ಹಾಕಬೇಕು. ಅಧಿಕಾರಿಗೆ ಪೂರ್ತಿಯೋ ಭಾಗವೋ ತಿರಸ್ಕರಿಸಬೇಕೆನಿಸಿದರೆ RFD-08 ನೋಟಿಸು ಕೊಡಬೇಕು, ಅದಕ್ಕೆ 15 ದಿನದೊಳಗೆ RFD-09ರಲ್ಲಿ ಉತ್ತರ ಬರೆಯಬೇಕು. ಅಂತಿಮ ಆದೇಶ RFD-06. ಪೂರ್ಣ ಅರ್ಜಿ ಸಿಕ್ಕ 60 ದಿನದೊಳಗೆ ಇದು ಮುಗಿಯಬೇಕು, ತಡವಾದರೆ ವರ್ಷಕ್ಕೆ ಶೇ 6 ಬಡ್ಡಿ ಕೊಡಬೇಕೆಂಬುದು ಕಾನೂನು.

ರಫ್ತು ಮಾಡುವವರಿಗೆ ಮೊದಲಿನಿಂದಲೂ ರೀಫಂಡಿನ ಶೇ 90 ಭಾಗ ತಾತ್ಕಾಲಿಕವಾಗಿ ಬೇಗ ಬರುತ್ತಿತ್ತು. ತಲೆಕೆಳಗಾದ ದರದವರಿಗೆ ಆ ಸೌಲಭ್ಯ ಇರಲಿಲ್ಲ. 2025ರ ಸೆಪ್ಟೆಂಬರ್ 3ರ ಮಂಡಳಿ ಸಭೆಯ ಶಿಫಾರಸಿನ ನಂತರ, ಅಕ್ಟೋಬರ್ 1ರಿಂದ ಸಲ್ಲಿಸುವ ಇಂಥ ಅರ್ಜಿಗಳಿಗೂ ಅದನ್ನು ವಿಸ್ತರಿಸಿದರು. ಕಂಪ್ಯೂಟರ್ ವ್ಯವಸ್ಥೆ ಅರ್ಜಿಯನ್ನು ಕಡಿಮೆ ಅಪಾಯದ್ದೆಂದು ಗುರುತಿಸಿದರೆ ನಮ್ಮ ಕಾರ್ಖಾನೆಗೆ 3,24,000 ರೂಪಾಯಿ ಮೊದಲೇ ಬಂದು, ಉಳಿದ 36,000 ಪರಿಶೀಲನೆಯ ನಂತರ ಬರುತ್ತದೆ.

ಈ ವೇಗಕ್ಕೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಬಹುದು. ಕಾಗದ ಕೊಂಡ ದಿನದಿಂದ ರೀಫಂಡ್ ಕೈಸೇರಲು ಮೂರು ತಿಂಗಳು ಹಿಡಿದರೆ, ಕಾರ್ಖಾನೆಯ 10,80,000 ರೂಪಾಯಿ ಸದಾ ಸರ್ಕಾರದ ಬಳಿ ಇರುತ್ತದೆ. ಅದು ಶೇ 12ರ ಸಾಲದ ಹಣವಾಗಿದ್ದರೆ ವರ್ಷಕ್ಕೆ 1,29,600 ರೂಪಾಯಿ ಬಡ್ಡಿ. ಆ 60 ದಿನದೊಳಗಿನ ಬಡ್ಡಿಯನ್ನು ಯಾರೂ ಕೊಡುವುದಿಲ್ಲ.

ಎಲ್ಲಿ ತಪ್ಪುತ್ತದೆ?

ಅತಿ ಹೆಚ್ಚು ತೊಂದರೆ ಬರುವುದು ಕಾಗದ ಮಾರಿದವರ ಕಡೆಯಿಂದ. ಅವರು ತಮ್ಮ GSTR-1ರಲ್ಲಿ ಬಿಲ್ಲನ್ನು ತೋರಿಸಿದರೆ ಮಾತ್ರ ಅದು ಕೊಂಡವರ GSTR-2Bಯಲ್ಲಿ ಕಾಣುತ್ತದೆ, ಅಲ್ಲಿ ಕಾಣದ ಬಿಲ್ಲಿಗೆ ರೀಫಂಡ್ ಇಲ್ಲ. ಬಿಲ್ಲು ಕೈಯಲ್ಲಿದ್ದು, ಹಣ ಕೊಟ್ಟದ್ದಕ್ಕೆ ಬ್ಯಾಂಕಿನ ದಾಖಲೆ ಇದ್ದರೂ ಸಾಲದು. ಹಾಗಾಗಿ ಪ್ರತಿ ತಿಂಗಳು 14ರ ನಂತರ GSTR-2B ಬಂದ ಕೂಡಲೇ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ, ಕಾಣದ ಬಿಲ್ಲಿನವರಿಗೆ ಅಂದೇ ಫೋನ್ ಮಾಡುವುದು ಒಳ್ಳೆಯದು. ಅರ್ಜಿ ಹಾಕುವ ಹೊತ್ತಿಗೆ ಹುಡುಕಿದರೆ ತಡವಾಗಿರುತ್ತದೆ.

ಎರಡನೆಯದು ವರ್ಗೀಕರಣ. ಮುದ್ರಣದ ಅಚ್ಚು, ಕತ್ತರಿಸುವ ಡೈ, ಯಂತ್ರದ ಬಿಡಿಭಾಗ ಇವೆಲ್ಲ ಸರಕೋ ಬಂಡವಾಳ ವಸ್ತುವೋ ಎಂಬ ಪ್ರಶ್ನೆ ನೋಟಿಸಿನಲ್ಲಿ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದನ್ನು ಆಸ್ತಿಯೆಂದು ಬರೆದಿದ್ದರೆ ಬಂಡವಾಳ ವಸ್ತು, ಖರ್ಚೆಂದು ಬರೆದಿದ್ದರೆ ಸರಕು. ಪುಸ್ತಕದಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಆದರೆ ಅಧಿಕಾರಿ ಆ ಮೊತ್ತವನ್ನು ಕಡಿತ ಮಾಡುತ್ತಾರೆ.

ಮೂರನೆಯದು ಗಡುವು. ಆ ತಿಂಗಳ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. 2025ರ ಅಕ್ಟೋಬರ್ ತಿಂಗಳ ಲೆಕ್ಕಕ್ಕೆ ರಿಟರ್ನಿನ ಕೊನೆಯ ದಿನ ನವೆಂಬರ್ 20 ಆಗಿದ್ದರೆ, ರೀಫಂಡಿಗೆ 2027ರ ನವೆಂಬರ್ 20ರವರೆಗೆ ಅವಕಾಶ. ಹಲವು ತಿಂಗಳುಗಳನ್ನು ಸೇರಿಸಿ ಒಂದೇ ಅರ್ಜಿ ಹಾಕಬಹುದು. ಮಳೆಗಾಲಕ್ಕೆ ಮೊದಲು ಎರಡು ಮೂರು ತಿಂಗಳಿಗಾಗುವಷ್ಟು ಕಾಗದ ಒಟ್ಟಿಗೆ ಕೊಂಡಿಡುವವರಿಗೆ ಹೀಗೆ ಸೇರಿಸುವುದು ಲಾಭ. ಕೊಂಡ ತಿಂಗಳು ಮತ್ತು ಮಾರಿದ ತಿಂಗಳು ಒಂದೇ ಲೆಕ್ಕದೊಳಗೆ ಬರುತ್ತವೆ.

ರೀಫಂಡಿಗಿಂತ ಮೇಲಾದದ್ದು

ಇಷ್ಟೆಲ್ಲ ಸರಿಯಾಗಿ ನಡೆದರೂ ಈ ವ್ಯವಸ್ಥೆ ಸರ್ಕಾರ ತಾನೇ ಉಂಟುಮಾಡಿದ ಕೊರತೆಯನ್ನು ತುಂಬುವ ದಾರಿ, ಅದೂ ಅರ್ಧಂಬರ್ಧ. ಪೆಟ್ಟಿಗೆಯ ದರ ಶೇ 5 ಎಂದು ಪ್ರಕಟಿಸಿದಾಗ ಕೊಳ್ಳುವವರಿಗೆ ಕಾಣುವುದು ಶೇ 5 ಮಾತ್ರ. ಕಾಗದದ ಮೇಲಿನ ಶೇ 18ರ ಒಂದು ಭಾಗ ತಯಾರಕರ ತಲೆಯ ಮೇಲೆ ಉಳಿದು, ನಿಧಾನವಾಗಿ ಪೆಟ್ಟಿಗೆಯ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಎಲ್ಲ ಯಂತ್ರವೂ ಇರುವ, ಒಳ್ಳೆಯ ಲೆಕ್ಕಪರಿಶೋಧಕರನ್ನು ಇಟ್ಟುಕೊಂಡ ದೊಡ್ಡ ಕಾರ್ಖಾನೆ ಪ್ರತಿ ತಿಂಗಳು ರೀಫಂಡ್ ಪಡೆಯುತ್ತದೆ. ಹತ್ತು ಜನ ಕೆಲಸ ಮಾಡುವ ಸಣ್ಣ ಘಟಕ ಅರ್ಜಿಯ ಗೋಜಿಗೆ ಹೋಗದೆ ಲೆಡ್ಜರ್‌ನಲ್ಲಿ ಹಣ ಬಿಟ್ಟು ಅದೇ ಪೆಟ್ಟಿಗೆಯನ್ನು ಅದೇ ಬೆಲೆಗೆ ಮಾರಬೇಕಾಗುತ್ತದೆ.

ಇದಕ್ಕೆ ಸರಿಯಾದ ಮದ್ದು ದರವನ್ನೇ ಸರಿಮಾಡುವುದು. ಅದು ಆಗದ ಕೆಲಸವೇನಲ್ಲ. ಕೃತಕ ನಾರಿಗೆ ಶೇ 18, ನೂಲಿಗೆ ಶೇ 12, ಬಟ್ಟೆಗೆ ಶೇ 5 ಎಂಬ ಏಣಿ ವರ್ಷಗಟ್ಟಲೆ ನೇಕಾರರನ್ನು ಕಾಡಿತ್ತು. 2025ರ ಸೆಪ್ಟೆಂಬರ್ 22ರಂದು ನಾರನ್ನೂ ನೂಲನ್ನೂ ಶೇ 5ಕ್ಕೆ ಇಳಿಸಿ ಮೂರನ್ನೂ ಒಂದೇ ಮಟ್ಟಕ್ಕೆ ತಂದರು. ಗಂಧಕಾಮ್ಲ, ಅಮೋನಿಯದಂಥ ರಸಗೊಬ್ಬರದ ಕಚ್ಚಾವಸ್ತುಗಳಿಗೂ ಅದೇ ದಿನ ಹಾಗೇ ಮಾಡಿದರು. ಕಾಗದಕ್ಕೂ ಪೆಟ್ಟಿಗೆಗೂ ಅದೇ ನ್ಯಾಯ ಸಲ್ಲಬೇಕು. ದರ ಒಂದಾಗುವವರೆಗೆ ಸೇವೆಯ ಕ್ರೆಡಿಟ್ಟನ್ನೂ ರೀಫಂಡಿನ ಸೂತ್ರದೊಳಗೆ ತರಲು ಕಾಯ್ದೆ ತಿದ್ದಬೇಕು. ಕೋರ್ಟು ಆ ಕೆಲಸವನ್ನು ಶಾಸಕಾಂಗಕ್ಕೆ ಬಿಟ್ಟಿದೆ, ಶಾಸಕಾಂಗ ಅದನ್ನು ಕೈಗೆತ್ತಿಕೊಳ್ಳಬೇಕು.

ಅಲ್ಲಿಯವರೆಗೆ ಸಣ್ಣ ಘಟಕದವರು ಮಾಡಬೇಕಾದದ್ದು ಒಂದಿದೆ. ಪೋರ್ಟಲ್‌ಗೆ ಹೋಗಿ ಕ್ರೆಡಿಟ್ ಲೆಡ್ಜರ್‌ನ ಬಾಕಿ ನೋಡಿ, ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ 2025ರ ಸೆಪ್ಟೆಂಬರ್‌ನಿಂದ ಈಚಿನ ಪ್ರತಿ ತಿಂಗಳ ಎರಡು ವರ್ಷದ ಗಡುವನ್ನು ಬರೆದಿಟ್ಟುಕೊಂಡು ಅರ್ಜಿ ಹಾಕಬೇಕು. ಗಡುವು ಮೀರಿದ ತಿಂಗಳ ರೀಫಂಡ್ ಕೇಳುವ ಹಕ್ಕು ಹೋದಂತೆ, ಆಮೇಲೆ ದರ ಸರಿಯಾದರೂ ಅದು ಮರಳುವುದಿಲ್ಲ.